ಗೇರು ಕಾರ್ಖಾನೆ ಇನ್ನೂ ಎಳೆ ಕೂಸೇ? ವಾಣಿಜ್ಯ ಸಚಿವರಿಗೆ ಕುಮಟಾದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವರಿಗೆ,

ಸವಿನಯ ನಮಸ್ಕಾರಗಳು.

ನಾನು ಕುಮಟಾ ತಾಲೂಕಿನಲ್ಲಿ ಒಂದು ಸಣ್ಣ ಗೇರುಬೀಜ ಕಾರ್ಖಾನೆ ನಡೆಸುತ್ತೇನೆ. ನಮ್ಮ ಕಡೆಯ ಕೆಲವು ಕಾರ್ಖಾನೆಯವರು ಸೇರಿ ತಮಗೊಂದು ಮನವಿ ತಯಾರು ಮಾಡಿದ್ದಾರೆ. ಸಹಿಗೆಂದು ಅದು ನನ್ನ ಹತ್ತಿರವೂ ಬಂತು. ನಾನು ಹಾಕಲಿಲ್ಲ. ಯಾಕೆ ಹಾಕಲಿಲ್ಲ ಎಂದು ಸಿಕ್ಕವರೆಲ್ಲ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ತಮಗೇ ಎಲ್ಲರೆದುರು ಬರೆಯುತ್ತಿದ್ದೇನೆ.

ಮನವಿಯಲ್ಲಿ ಇರುವುದು ಇಷ್ಟು. ನಮ್ಮ ಯಂತ್ರದ ಘಟಕಗಳು ಹೊಸವು. ಇವು ಇನ್ನೂ ಶಿಶು ಉದ್ಯಮ, ಅಂದರೆ ಕೆಲಸ ಕಲಿಯುತ್ತಿರುವ ಎಳೆ ಕೂಸು. ವಿಯೆಟ್ನಾಂನ ಅಗ್ಗದ ತಿರುಳು ಒಳಗೆ ಬಂದರೆ ಬಾಗಿಲು ಹಾಕಬೇಕಾಗುತ್ತದೆ. ಆದ್ದರಿಂದ ತಿರುಳಿನ ಕನಿಷ್ಠ ಆಮದು ಬೆಲೆಯನ್ನು ಇನ್ನೂ ಏರಿಸಬೇಕು, ಸುಂಕ ಹಾಗೇ ಇರಬೇಕು. ಎಲ್ಲಿಯವರೆಗೆ? ಅದನ್ನು ಮನವಿಯಲ್ಲಿ ಬರೆದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಈ ಸುಂಕ ಮತ್ತು ಕನಿಷ್ಠ ಬೆಲೆಯ ಗೋಡೆಯಿಂದ ನನಗೂ ಲಾಭ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 2019ರ ಜೂನ್‌ನಲ್ಲಿ ತುಂಡು ತಿರುಳಿನ ಕನಿಷ್ಠ ಆಮದು ಬೆಲೆ ಕೆಜಿಗೆ 288 ರೂಪಾಯಿಯಿಂದ 680ಕ್ಕೆ ಹೋಯಿತು. ಇಡಿ ತಿರುಳಿನದು 400ರಿಂದ 720ಕ್ಕೆ ಹೋಯಿತು. ಅದಕ್ಕಿಂತ ಕಡಿಮೆ ಬೆಲೆಯ ಮಾಲು ಒಳಗೆ ಬರುವಂತಿಲ್ಲ. ಮರುತಿಂಗಳ ಬಜೆಟ್‌ನಲ್ಲಿ ತಿರುಳಿನ ಆಮದು ಸುಂಕ 100ಕ್ಕೆ 45ರಿಂದ 70 ಆಯಿತು. ಅವತ್ತು ನಮ್ಮ ಕಡೆ ಎಲ್ಲರೂ ಉಸಿರು ಬಿಟ್ಟೆವು. ಆ ಉಸಿರಿಗೆ ಎಷ್ಟು ಖರ್ಚು, ಅದನ್ನು ಕೊಡುವವರು ಯಾರು ಎಂದು ಆಗ ಯಾರೂ ಲೆಕ್ಕ ಹಾಕಲಿಲ್ಲ.

ಈಗ ಲೆಕ್ಕ ಹಾಕೋಣ. ಸುಲಭವಾಗಲಿ ಎಂದು ದುಂಡು ಸಂಖ್ಯೆ ತೆಗೆದುಕೊಳ್ಳುತ್ತೇನೆ. ಒಳ್ಳೆಯ ಬೀಜವಾದರೆ 80 ಕೆಜಿಯ ಒಂದು ಮೂಟೆಯಿಂದ ಸುಮಾರು 20 ಕೆಜಿ ತಿರುಳು ಸಿಗುತ್ತದೆ. ಅಂದರೆ ಒಂದು ಕೆಜಿ ತಿರುಳಿಗೆ 4 ಕೆಜಿ ಬೀಜ ಬೇಕು. ಬೀಜ ಕೆಜಿಗೆ 120 ರೂಪಾಯಿ ಅಂತ ಇಟ್ಟುಕೊಳ್ಳಿ, ಬೀಜಕ್ಕೇ 480 ಆಯಿತು. ಹೊರಗಿನ ಮಾರುಕಟ್ಟೆಯಲ್ಲಿ ತಿರುಳಿನ ಬೆಲೆ 600 ಇದ್ದರೆ ಉಳಿಯುವುದು 120 ರೂಪಾಯಿ. ಆವಿಯಲ್ಲಿ ಬೇಯಿಸುವುದು, ಒಡೆಯುವುದು, ಬೋರ್ಮಾದಲ್ಲಿ ಒಣಗಿಸುವುದು, ಸಿಪ್ಪೆ ತೆಗೆಯುವುದು, ಗ್ರೇಡ್ ಮಾಡುವುದು, ಡಬ್ಬಿ ತುಂಬುವುದು, ಕೂಲಿ, ಕರೆಂಟು, ಬ್ಯಾಂಕಿನ ಬಡ್ಡಿ, ನನ್ನ ಲಾಭ ಎಲ್ಲಾ ಆ 120ರಲ್ಲೇ ಆಗಬೇಕು. ನಿಜವಾಗಿ ನಾವು ಮಾಡುವ ಕೆಲಸದ ಬೆಲೆ ಅಷ್ಟೇ.

ಈಗ ಸುಂಕ ಸೇರಿಸಿ. ಬೇರೆ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದಗಳ ರಿಯಾಯಿತಿ ಪಕ್ಕಕ್ಕಿಟ್ಟರೆ, 70ರ ದರದಲ್ಲಿ ಹೊರಗಿನ ತಿರುಳು ಇಲ್ಲಿಗೆ ಬರುವಾಗ 1,020 ರೂಪಾಯಿ ಆಗುತ್ತದೆ. ಕಚ್ಚಾ ಬೀಜದ ಸುಂಕವನ್ನು 2018ರ ಬಜೆಟ್‌ನಲ್ಲಿ 5ರಿಂದ 2.5ಕ್ಕೆ ಇಳಿಸಿದ್ದರು. ಅದನ್ನು ಸೇರಿಸಿದರೆ ಬೀಜದ ಖರ್ಚು 492. ಈಗ ನನ್ನ ಕೆಲಸಕ್ಕೆ ಸಿಗಬಹುದಾದ ಜಾಗ 528 ರೂಪಾಯಿ. 120 ಇದ್ದದ್ದು 528, ಅಂದರೆ 408 ಜಾಸ್ತಿ! ಕಾಗದದ ಮೇಲೆ 70 ಅಂತ ಕಾಣುವ ರಕ್ಷಣೆ ಕಾರ್ಖಾನೆಯ ಕೆಲಸಕ್ಕೆ ಹೋಲಿಸಿದರೆ 100ಕ್ಕೆ 340. ಅರ್ಥಶಾಸ್ತ್ರದವರು ಇದಕ್ಕೆ ಪರಿಣಾಮಕಾರಿ ರಕ್ಷಣೆಯ ದರ ಎನ್ನುತ್ತಾರೆ. ಸುಂಕವನ್ನು ಮಾಲಿನ ಇಡೀ ಬೆಲೆಗೆ ಹೋಲಿಸಬೇಡಿ, ಇಲ್ಲಿ ಆಗುವ ಕೆಲಸದ ಬೆಲೆಗೆ ಹೋಲಿಸಿ ಎನ್ನುವುದು ಅವರ ಮಾತು. ಕಚ್ಚಾ ಮಾಲೇ ದೊಡ್ಡ ಪಾಲಾಗಿರುವ ನಮ್ಮಂಥ ಉದ್ಯಮದಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

528 ಪೂರ್ತಿ ನಮ್ಮ ಜೇಬಿಗೆ ಬರುತ್ತದೆ ಎಂದು ತಾವು ತಿಳಿಯಬಾರದು. ದೇಶದೊಳಗೆ ಕಾರ್ಖಾನೆಗಳು ತುಂಬಾ ಇವೆ, ಒಬ್ಬರಿಗೊಬ್ಬರು ಪೈಪೋಟಿ ಇದ್ದೇ ಇದೆ. ಆದರೆ ಜಾಗ ಇದೆ ಎಂದು ಗೊತ್ತಾದ ಕೂಡಲೇ ಬೀಜದ ವ್ಯಾಪಾರದಲ್ಲಿ ಏನಾಗುತ್ತದೆ ಎಂಬುದನ್ನು ನಾನು ಪ್ರತಿ ಹಂಗಾಮಿನಲ್ಲಿ ನೋಡುತ್ತೇನೆ. ಒಬ್ಬ ಎರಡು ರೂಪಾಯಿ ಜಾಸ್ತಿ ಹೇಳುತ್ತಾನೆ, ಇನ್ನೊಬ್ಬ ಐದು. ಕೊನೆಗೆ ಗೋಡೆಯಿಂದ ಬಂದ ಲಾಭದ ಒಂದು ಭಾಗ ಬೀಜ ಮಾರುವವರಿಗೆ ಹೋಗುತ್ತದೆ. ನಮ್ಮ ಗುಡ್ಡದ ಮೇಲಿನ ಬೆಳೆಗಾರನಿಗೆ ಹೋದರೆ ಸಂತೋಷ. ಆದರೆ ದೇಶದ ಕಾರ್ಖಾನೆಗಳಿಗೆ ಬೇಕಾದ ಬೀಜದಲ್ಲಿ ಅರ್ಧದಷ್ಟಾದರೂ ಆಫ್ರಿಕಾದಿಂದ ಬರುತ್ತದೆ. ಕಲಿಯುವ ಕೂಸಿಗೆ ಎಂದು ಕೊಟ್ಟ ಹಾಲನ್ನು ಬೇರೆ ಯಾರೋ ಕುಡಿಯುತ್ತಿದ್ದಾರೆ.

ಹಾಗಾದರೆ ಕೂಸಿನ ವಾದವೇ ಸುಳ್ಳೇ? ಅಲ್ಲ. ಅದಕ್ಕೆ ಗಟ್ಟಿ ಬುನಾದಿ ಇದೆ. ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲೇ ಇದನ್ನು ಹೇಳಿದ್ದ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಬೆಳೆಸಿದ. ಮುಕ್ತ ವ್ಯಾಪಾರದ ಪರ ಇದ್ದ ಜಾನ್ ಸ್ಟುವರ್ಟ್ ಮಿಲ್ ಕೂಡ 1848ರಲ್ಲಿ ಇದೊಂದನ್ನು ಒಪ್ಪಿಕೊಂಡ. ಒಂದು ದೇಶ ಇನ್ನೊಂದಕ್ಕಿಂತ ಮುಂದಿರುವುದು ಎಷ್ಟೋ ಸಲ ಮೊದಲು ಶುರು ಮಾಡಿದ ಕಾರಣಕ್ಕೆ ಮಾತ್ರ. ತಡವಾಗಿ ಶುರು ಮಾಡಿದವರಿಗೂ ಕೈ ಪಳಗುವವರೆಗೆ ಸ್ವಲ್ಪ ಕಾಲ ಆಸರೆ ಕೊಡಬಹುದು, ಆದರೆ ಆ ಕಾಲ ಮುಗಿದ ಮೇಲೆ ಅದು ಸ್ವಂತ ಕಾಲ ಮೇಲೆ ನಿಲ್ಲುತ್ತದೆ ಎಂಬ ಭರವಸೆ ಇರಬೇಕು ಎನ್ನುವುದು ಅವನ ಷರತ್ತು. ಆಮೇಲೆ ಬಂದ ಅರ್ಥಶಾಸ್ತ್ರಜ್ಞ ಬಾಸ್ಟೇಬಲ್ ಇನ್ನೊಂದು ಷರತ್ತು ಸೇರಿಸಿದ. ಬರೀ ನಿಂತರೆ ಸಾಲದು, ಆಸರೆ ಕೊಟ್ಟಷ್ಟು ಕಾಲ ಜನ ಕಟ್ಟಿದ ಹೆಚ್ಚಿನ ಬೆಲೆಯನ್ನು ಮುಂದಿನ ಲಾಭ ತೀರಿಸಬೇಕು.

ನಮ್ಮ ಮನವಿಯವರು ಮಿಲ್‌ನ ಮಾತಿನ ಮೊದಲರ್ಧ ಮಾತ್ರ ತೆಗೆದುಕೊಂಡಿದ್ದಾರೆ. ಮಿಲ್ ತನ್ನ ಕೊನೆಗಾಲದ ಪತ್ರಗಳಲ್ಲಿ ಬರೆದದ್ದು ಇನ್ನೂ ಕುತೂಹಲದ್ದು. ಸುಂಕ ಒಂದು ಸಲ ಕೂತರೆ ಏಳುವುದಿಲ್ಲ ಎಂದು ಅವನಿಗೆ ಅಷ್ಟರಲ್ಲಿ ಅನಿಸಿತ್ತು. ಅದಕ್ಕಿಂತ ಸರ್ಕಾರದ ಖಜಾನೆಯಿಂದ ವರ್ಷ ವರ್ಷ ನೇರ ಹಣ ಕೊಡುವುದೇ ವಾಸಿ ಎಂದ. ಕಾರಣ ಸರಳ. ಹಣ ಕೊಟ್ಟರೆ ಅದು ಪ್ರತಿ ವರ್ಷ ಬಜೆಟ್‌ನಲ್ಲಿ ಕಾಣುತ್ತದೆ, ಯಾರಾದರೂ ಎದ್ದು ಕೇಳುತ್ತಾರೆ. ಸುಂಕದ ಖರ್ಚು ಸಿಹಿ ಅಂಗಡಿಯ ಕಾಜು ಕತ್ಲಿಯ ಬೆಲೆಯೊಳಗೆ ಸೇರಿ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ.

ನಮ್ಮಲ್ಲಿ ನಿಜವಾಗಿ ಹೊಸದು ಏನಿದೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೇರು ಒಡೆಯುವ ಕಸುಬು ಹೊಸದಲ್ಲ. ಮಂಗಳೂರು ಮತ್ತು ಕೊಲ್ಲಂ ಕಡೆ ಇದು ಸುಮಾರು ನೂರು ವರ್ಷದ ಉದ್ಯಮ. ನಮ್ಮ ಕುಮಟಾ, ಹೊನ್ನಾವರ, ಅಂಕೋಲಾದ ಹೆಂಗಸರಿಗೂ ಇದು ಹಳೆಯ ಕೆಲಸ. ಹೊಸದು ಅಂದರೆ ಯಂತ್ರದಲ್ಲಿ ಒಡೆಯುವುದು. ಇದರ ಕಷ್ಟ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಕೈಮಣೆಯಲ್ಲಿ ಪಳಗಿದ ಒಬ್ಬ ಅಕ್ಕ 100ರಲ್ಲಿ 85ರಿಂದ 90 ಬೀಜವನ್ನು ಇಡಿಯಾಗಿ ತೆಗೆಯುತ್ತಾಳೆ. ಯಂತ್ರಕ್ಕೆ ಬೀಜ ಹಾಕಿದ ಮೊದಲ ತಿಂಗಳುಗಳಲ್ಲಿ ನನಗೆ 60ರ ಆಸುಪಾಸು ಸಿಕ್ಕಿತು. ಕಾರಣ, ನಮ್ಮ ಗುಡ್ಡದ ಬೀಜ ಒಂದೇ ಅಳತೆಯದ್ದಲ್ಲ. ಹಳೆಯ ಮರದ್ದು ಸಣ್ಣದು, ಕಸಿ ಗಿಡದ್ದು ದೊಡ್ಡದು, ಎರಡೂ ಒಂದೇ ಚೀಲದಲ್ಲಿ ಬರುತ್ತವೆ. ಮೊದಲು ಜರಡಿಯಲ್ಲಿ ಅಳತೆಗೆ ತಕ್ಕಂತೆ ಬೇರ್ಪಡಿಸಬೇಕು. ಆಮೇಲೆ ಪ್ರತಿ ಅಳತೆಗೂ ಬ್ಲೇಡಿನ ನಡುವಿನ ಸಂದು ಬೇರೆ ಮಾಡಬೇಕು. ಆವಿ ಜಾಸ್ತಿಯಾದರೆ ಚಿಪ್ಪಿನ ಎಣ್ಣೆ ಒಳಗೆ ಇಳಿದು ತಿರುಳಿಗೆ ಕಲೆ ಬೀಳುತ್ತದೆ. ಕಡಿಮೆಯಾದರೆ ಚಿಪ್ಪು ಬಿಡುವುದಿಲ್ಲ, ತಿರುಳು ಚೂರಾಗುತ್ತದೆ. ಇದೆಲ್ಲಾ ಹೊಂದಿಸಿಕೊಂಡ ಮೇಲೆ ಈಗ 75 ದಾಟಿದ್ದೇನೆ. ಇಡಿ ತಿರುಳು ಡಬ್ಲ್ಯೂ 320 ಗ್ರೇಡಿಗೆ ಹೋದರೆ ಒಂದು ಬೆಲೆ, ತುಂಡಾದರೆ ಅದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ 60ಕ್ಕೂ 75ಕ್ಕೂ ಇರುವ ವ್ಯತ್ಯಾಸದಲ್ಲೇ ಕಾರ್ಖಾನೆಯ ಬದುಕು ಸಾವು ಇದೆ.

ಇದು ನಿಜವಾದ ಕಲಿಕೆ. ಇದಕ್ಕೆ ಸಮಯ ಬೇಕು, ದುಡ್ಡು ಬೇಕು. ಆದರೆ ನನ್ನ ಮಾಲು ಕಲಿಯುವ ದಿನಗಳಲ್ಲಿ ಹಾಳಾದರೆ ಅದಕ್ಕೆ ದೇಶದ ಜನ ಯಾಕೆ ಕೊಡಬೇಕು? ಕಲಿತ ಮೇಲೆ ಲಾಭ ನನ್ನದೇ ತಾನೇ? ನಾನೇ ಸಾಲ ಮಾಡಿ ನಷ್ಟ ತಡೆದುಕೊಳ್ಳಬಹುದಲ್ವಾ? 1960ರಲ್ಲಿ ಮರ್ರೆ ಕೆಂಪ್ ಎನ್ನುವ ಅರ್ಥಶಾಸ್ತ್ರಜ್ಞ ಎತ್ತಿದ ಆಕ್ಷೇಪ ಹೆಚ್ಚುಕಡಿಮೆ ಇದೇ. ಕಲಿಕೆ ಒಂದೇ ಕಾರ್ಖಾನೆಯ ಗೋಡೆಯೊಳಗೆ ಉಳಿದರೆ ಸರ್ಕಾರದ ಆಸರೆ ಬೇಡ. ಒಬ್ಬ ಕಲಿತದ್ದು ಪುಕ್ಕಟೆಯಾಗಿ ಎಲ್ಲರಿಗೂ ಹರಿದರೆ ಮಾತ್ರ ಆಸರೆಗೆ ಕಾರಣ ಇದೆ.

ನಮ್ಮಲ್ಲಿ ಅದು ಹರಿಯುತ್ತದೆ, ಇದಕ್ಕೆ ನಾನೇ ಸಾಕ್ಷಿ. ಯಂತ್ರ ತಂದಾಗ ಊರಿನ ಇಬ್ಬರು ಹುಡುಗಿಯರಿಗೆ ಬ್ಲೇಡ್ ಹೊಂದಿಸುವುದು, ಆವಿಯ ಹೊತ್ತು ನೋಡುವುದು ಕಲಿಸಿದೆ. ಅವರು ಕಲಿಯುವಾಗ ಹಾಳಾದ ಬೀಜ ನನ್ನದು. ಚೆನ್ನಾಗಿ ಪಳಗಿದ ಮೇಲೆ ಹತ್ತಿರದ ಇನ್ನೊಂದು ಕಾರ್ಖಾನೆಯವರು ದಿನಕ್ಕೆ ಸ್ವಲ್ಪ ಜಾಸ್ತಿ ಕೂಲಿ ಹೇಳಿ ಕರೆದುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಜಾಸ್ತಿ ಸಿಗುವ ಕಡೆ ಹೋಗುವುದು ಅವರ ಹಕ್ಕು. ಆದರೆ ಗಮನಿಸಿ. ಸುಂಕದ ಗೋಡೆ ಇಲ್ಲಿ ನನಗೆ ಏನು ಮಾಡಿತು? ಕಲಿಸಿದ ನನಗೂ ಅಷ್ಟೇ ಲಾಭ, ಕಲಿಸದೆ ಕರೆದುಕೊಂಡವನಿಗೂ ಅಷ್ಟೇ ಲಾಭ. ಹಾಗಿರುವಾಗ ಮುಂದಿನ ಸಲ ನಾನು ಯಾಕೆ ಕಲಿಸಲಿ? ರಾಬರ್ಟ್ ಬಾಲ್ಡ್‌ವಿನ್ ಎನ್ನುವ ಅರ್ಥಶಾಸ್ತ್ರಜ್ಞ 1969ರಲ್ಲಿ ಇದನ್ನೇ ತೋರಿಸಿಕೊಟ್ಟ. ಕಲಿಕೆ ಸೋರಿಹೋಗುವುದೇ ರೋಗವಾದರೆ ಸುಂಕ ಅದಕ್ಕೆ ಮದ್ದಲ್ಲ, ಕೆಲವು ಸಲ ರೋಗ ಜಾಸ್ತಿಯೂ ಆಗುತ್ತದೆ. ಬೆಲೆ ಏರಿದ್ದು ನೋಡಿ ಇನ್ನಷ್ಟು ಜನ ಬರುತ್ತಾರೆ, ಮೊದಲು ಕಲಿತವನನ್ನು ನಕಲು ಮಾಡುತ್ತಾರೆ, ಅವನು ಹಾಕಿದ ದುಡ್ಡು ವಾಪಸು ಬರುವುದಿಲ್ಲ. ಮದ್ದು ಬೇಕಾದರೆ ಕಲಿಸುವುದಕ್ಕೇ ಹಣ ಕೊಡಬೇಕು.

ಆಸರೆ ಕೊಡುವ ಕ್ರಮವೂ ನಮ್ಮ ದೇಶಕ್ಕೆ ಹೊಸದಲ್ಲ. 1921–22ರಲ್ಲಿ ಸರ್ ಇಬ್ರಾಹಿಂ ರಹಿಮ್ತುಲ್ಲಾ ಅವರ ಅಧ್ಯಕ್ಷತೆಯಲ್ಲಿ ಫಿಸ್ಕಲ್ ಕಮಿಷನ್ ಎಂಬ ಆಯೋಗ ಕೂತಿತ್ತು. ಅದು ಮೂರು ಪ್ರಶ್ನೆ ಇಟ್ಟಿತು. ಉದ್ಯಮಕ್ಕೆ ಇಲ್ಲಿ ಸಹಜ ಅನುಕೂಲ ಇದೆಯೇ, ಅಂದರೆ ಕಚ್ಚಾ ಮಾಲು, ಕೆಲಸಗಾರರು, ದೊಡ್ಡ ಮಾರುಕಟ್ಟೆ? ರಕ್ಷಣೆ ಇಲ್ಲದಿದ್ದರೆ ಅದು ಬೆಳೆಯುವುದೇ ಇಲ್ಲವೇ, ಅಥವಾ ಬೇಕಾದಷ್ಟು ಬೇಗ ಬೆಳೆಯುವುದಿಲ್ಲವೇ? ಕೊನೆಗೆ ರಕ್ಷಣೆ ಇಲ್ಲದೆ ಜಗತ್ತಿನ ಪೈಪೋಟಿ ಎದುರಿಸುತ್ತದೆಯೇ? ಮೂರಕ್ಕೂ ಹೌದು ಎಂದರೆ ಮಾತ್ರ ಸುಂಕ. 1923ರಲ್ಲಿ ಸುಂಕ ಮಂಡಳಿ ಬಂತು. 1924ರಲ್ಲಿ ಉಕ್ಕಿಗೆ ರಕ್ಷಣೆ ಸಿಕ್ಕಿದ್ದು ಮೂರೇ ವರ್ಷಕ್ಕೆ. ಅವಧಿ ಮುಗಿದಾಗ ಮತ್ತೆ ವಿಚಾರಣೆ ಆಯಿತು, ಖರ್ಚು ಎಷ್ಟು ಇಳಿದಿದೆ ಎಂದು ಪರಿಶೀಲಿಸಿ 1927ರಲ್ಲಿ ಮುಂದುವರಿಸಿದರು. ಬ್ರಿಟಿಷರ ಕಾಲದ ಆ ನೀತಿ ಜಿಪುಣತನದ್ದು, ಎಷ್ಟೋ ಒಳ್ಳೆಯ ಉದ್ಯಮಗಳನ್ನು ಹೊರಗಿಟ್ಟಿತು ಎಂಬ ಟೀಕೆ ಸರಿಯೇ ಇದೆ. ಬ್ರಿಟನ್ನಿನ ಮಾಲಿಗೆ ರಿಯಾಯಿತಿ ಕೊಟ್ಟದ್ದನ್ನೂ ನಾನು ಮರೆತಿಲ್ಲ. ಆದರೂ ಅಂತಿಮ ದಿನಾಂಕ ಬರೆದು, ಖರ್ಚಿನ ಪುಸ್ತಕ ತೆರೆಸಿ ನೋಡುವ ಪದ್ಧತಿ ಅಲ್ಲಿತ್ತು. 2019ರ ನಮ್ಮ ಅಧಿಸೂಚನೆಯಲ್ಲಿ ಅದಿಲ್ಲ.

ಆ ಮೂರು ಪ್ರಶ್ನೆಯನ್ನು ಗೇರಿಗೆ ಕೇಳಿ ನೋಡಿ. ಮಾರುಕಟ್ಟೆ ಇದೆ, ಜಗತ್ತಿನಲ್ಲೇ ಅತಿ ಹೆಚ್ಚು ಗೋಡಂಬಿ ತಿನ್ನುವ ದೇಶ ನಮ್ಮದು. ಕೈ ಪಳಗಿದ ಹೆಂಗಸರು ಇದ್ದಾರೆ. ಕಚ್ಚಾ ಬೀಜ ಮಾತ್ರ ಅರ್ಧಂಬರ್ಧ. ಎರಡನೆಯ ಪ್ರಶ್ನೆಗೆ ಹೌದು ಎನ್ನಲು ಆಗುವುದಿಲ್ಲ. ಈ ಗೋಡೆ ಇಲ್ಲದ ಕಾಲದಲ್ಲೇ ಭಾರತ ಜಗತ್ತಿಗೆಲ್ಲ ತಿರುಳು ಮಾರುತ್ತಿತ್ತು. ಮೂರನೆಯದಕ್ಕೆ ಮನವಿಯವರು ಬಾಯಿ ಬಿಡುವುದಿಲ್ಲ. ವಿಯೆಟ್ನಾಂ 2006ರಲ್ಲಿ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಅವರೂ ಆಫ್ರಿಕಾದ ಬೀಜವನ್ನೇ ತರಿಸುತ್ತಾರೆ. ಒಡೆಯುವ, ಸಿಪ್ಪೆ ತೆಗೆಯುವ ಯಂತ್ರಗಳನ್ನು ತಮ್ಮಲ್ಲೇ ಕಟ್ಟಿಕೊಂಡರು, ತಪ್ಪಾದದ್ದನ್ನು ತಿದ್ದಿಕೊಂಡರು. ಅವರು ಮಾರುವುದು ಹೊರಗಿನ ಪೇಟೆಯಲ್ಲಿ. ಅಲ್ಲಿ ಅವರನ್ನು ಕಾಯುವ ಸುಂಕ ಇಲ್ಲ. ನಮ್ಮ ಗೋಡೆ ಕಾಯುವುದೂ ಒಳಗಿನ ಪೇಟೆಯನ್ನು ಮಾತ್ರ. ದುಬೈಗೆ ಹೋಗುವ ಡಬ್ಬಿಗೆ ಅದರಿಂದ ಒಂದು ಪೈಸೆ ಸಹಾಯ ಇಲ್ಲ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ನಮ್ಮ ಕಡೆಯವರು ಶಿಶು ಉದ್ಯಮದ ಮಾತಾಡುವಾಗ ಮೊಜಾಂಬಿಕ್ ನೆನಪಾಗುತ್ತದೆ. ಅಲ್ಲಿನ ಸರ್ಕಾರ ತನ್ನ ಗೇರು ಕಾರ್ಖಾನೆಗಳಿಗೆ ಬೀಜ ಉಳಿಯಲಿ ಎಂದು ಕಚ್ಚಾ ಬೀಜದ ರಫ್ತಿಗೆ ತೆರಿಗೆ ಹಾಕಿತ್ತು. 1990ರ ದಶಕದ ನಡುವೆ ವಿಶ್ವ ಬ್ಯಾಂಕ್ ಒತ್ತಾಯ ಮಾಡಿ ಅದನ್ನು ಇಳಿಸಿತು. 100ಕ್ಕೆ 20 ಇದ್ದದ್ದು 14ಕ್ಕೆ ಬಂತು. ಬೀಜ ಹಡಗು ಹತ್ತಿತು. ಹೋದದ್ದು ಎಲ್ಲಿಗೆ? ಭಾರತಕ್ಕೆ. ಅಲ್ಲಿನ ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಸಾವಿರಾರು ಕೆಲಸಗಾರರು ಬೀದಿಗೆ ಬಿದ್ದರು. ಬೆಳೆಗಾರರಿಗೆ ಒಳ್ಳೆಯದಾಗುತ್ತದೆ ಎಂದಿದ್ದರು. ಮ್ಯಾಕ್‌ಮಿಲನ್, ರೋಡ್ರಿಕ್, ವೆಲ್ಚ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಬೆಳೆಗಾರ ಕುಟುಂಬಕ್ಕೆ ಸಿಕ್ಕಿದ್ದು ಸರಾಸರಿ ವರ್ಷಕ್ಕೆ ಐದು ಡಾಲರ್ ಆಸುಪಾಸು. ಉಳಿದದ್ದು ನಡುವಿನ ವ್ಯಾಪಾರಿಗಳ ಪಾಲಾಯಿತು.

ಇದನ್ನು ಓದಿ ರಕ್ಷಣೆಯೇ ಸರಿ ಎಂದು ಕುಣಿಯುವ ಹಾಗೂ ಇಲ್ಲ. ಆ ಕಾರ್ಖಾನೆಗಳು ಎಷ್ಟೋ ವರ್ಷ ರಕ್ಷಣೆಯಲ್ಲೇ ಇದ್ದವು. ಯಂತ್ರಗಳು ತಿರುಳನ್ನು ಜಾಸ್ತಿ ಒಡೆಯುತ್ತಿದ್ದವು, ಸುಧಾರಿಸಲಿಲ್ಲ. ಆಮೇಲೆ ಅಲ್ಲಿನ ಸಂಸತ್ತು ತೆರಿಗೆಯನ್ನು 18ರಿಂದ 22ರವರೆಗೆ ಏರಿಸಿತು. ಆಗ ನಾಂಪುಲಾ ಕಡೆ ಎದ್ದು ಬಂದದ್ದು ಹಳೆಯ ದೈತ್ಯ ಕಾರ್ಖಾನೆಗಳಲ್ಲ, ಸಣ್ಣ ಘಟಕಗಳು. ಅವು ಕೈಯಿಂದ ಒಡೆಯುವ ಯಂತ್ರ ಇಟ್ಟುಕೊಂಡು, ಕೆಲಸ ಕಲಿಸುವ ಜನರನ್ನೂ ಇಟ್ಟುಕೊಂಡು ಬಂದವು. ತೆರಿಗೆಯ ರೀತಿ ಅದೇ, ಫಲ ಬೇರೆ. ಗೋಡೆಯ ಹಿಂದೆ ಏನು ನಡೆಯುತ್ತಿದೆ ಎಂದು ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎನ್ನುವುದರ ಮೇಲೆ ಎಲ್ಲಾ ನಿಂತಿದೆ. ಈಗ ಐವರಿ ಕೋಸ್ಟ್ ಕೂಡ ತನ್ನ ಬೀಜವನ್ನು ತಾನೇ ಒಡೆಯಲು ಹೊರಟಿದೆ. ನಿಜವಾದ ಕೂಸುಗಳು ಅಲ್ಲಿವೆ. ನಾಳೆ ಅವರು ಬೀಜ ಕೊಡುವುದನ್ನು ಬಿಗಿ ಮಾಡಿದರೆ ನಮ್ಮ 70ರ ಸುಂಕ ಏನು ಮಾಡೀತು?

ಒಂದು ಮಾತು ಪಕ್ಕಕ್ಕೆ. ಶಿರಸಿ ಕಡೆಯ ನೆಂಟರು ಇದನ್ನು ಓದಿ, ಅಡಿಕೆಯ ಕನಿಷ್ಠ ಆಮದು ಬೆಲೆಗೂ ಕಲ್ಲು ಹಾಕುತ್ತೀಯಾ ಎಂದು ಕೇಳಬಹುದು. 2023ರಲ್ಲಿ ಅದು ಕೆಜಿಗೆ 251ರಿಂದ 351 ಆಯಿತು. ಅಡಿಕೆಯವರು ನಾವು ಕೂಸು ಎಂದು ಎಲ್ಲೂ ಹೇಳಿಲ್ಲ. ಇದ್ದ ತೋಟ, ಇದ್ದ ಬದುಕು ಉಳಿಸಿ ಎಂದಿದ್ದಾರೆ. ಅದು ಬೇರೆ ವಾದ, ಅದಕ್ಕೆ ಬೇರೆ ಚರ್ಚೆ ಬೇಕು. ನಮ್ಮ ಗೇರಿನವರೂ ಹಾಗೇ ಕೇಳಲಿ. ಸಿಪ್ಪೆ ತೆಗೆಯುವ ಸಾವಿರಾರು ಹೆಂಗಸರ ಕೂಲಿ ಉಳಿಸಬೇಕು ಎಂದರೆ ನಾನು ಮೊದಲು ಸಹಿ ಹಾಕುತ್ತೇನೆ. ಅದು ಸಣ್ಣ ಕಾರಣ ಅಲ್ಲ. ಆದರೆ ಆ ಕಾರಣಕ್ಕೆ ಅಳತೆ ಬೇರೆ. ಹೆಂಗಸರಿಗೆ ಎಷ್ಟು ಮುಟ್ಟಿತು ಎಂದು ನೋಡಬೇಕಾಗುತ್ತದೆ, ಮಾಲೀಕರಿಗೆ ಎಷ್ಟು ಎಂದಲ್ಲ.

ಹಾಗಾಗಿ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಗೋಡೆಯನ್ನು ನಾಳೆ ಬೆಳಿಗ್ಗೆ ಕೆಡವಿ ಎಂದು ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ಮೊದಲು ಮುಚ್ಚುವುದರಲ್ಲಿ ನನ್ನದೂ ಇರುತ್ತದೆ. ಆದರೆ ಶಿಶು ಉದ್ಯಮ ಎಂಬ ಹೆಸರಿನಲ್ಲಿ ಕೊಡುವುದಾದರೆ ಅಧಿಸೂಚನೆಯಲ್ಲೇ ಕೊನೆಯ ದಿನ ಬರೆಯಿರಿ. ಐದು ವರ್ಷವೋ ಏಳು ವರ್ಷವೋ, ವರ್ಷ ವರ್ಷ ಸುಂಕ ಎಷ್ಟು ಇಳಿಯುತ್ತದೆ ಎನ್ನುವುದನ್ನೂ ಈಗಲೇ ಹೇಳಿ. ಆಗ ಯಂತ್ರಕ್ಕೆ ಸಾಲ ಮಾಡುವವನಿಗೂ, ಸಾಲ ಕೊಡುವ ಬ್ಯಾಂಕಿಗೂ ಎಷ್ಟರೊಳಗೆ ಕಲಿಯಬೇಕು ಎಂದು ಗೊತ್ತಾಗುತ್ತದೆ.

ನಡುವೆ ಒಂದು ಬಹಿರಂಗ ವಿಚಾರಣೆ ಇಡಿ. ಮಂಗಳೂರಿನಲ್ಲೋ ಕಾರವಾರದಲ್ಲೋ ಇಟ್ಟರೆ ನಮಗೆ ಬರಲು ಸುಲಭ. ಅಲ್ಲಿ ಎರಡೇ ಸಂಗತಿ ಕೇಳಿದರೂ ಸಾಕು. 100 ಬೀಜಕ್ಕೆ ಎಷ್ಟು ಇಡಿ ತಿರುಳು ಸಿಗುತ್ತಿದೆ, ಒಂದು ಕೆಜಿ ತಿರುಳು ತೆಗೆಯಲು ಬೀಜದ ಬೆಲೆ ಬಿಟ್ಟು ಎಷ್ಟು ಖರ್ಚಾಗುತ್ತಿದೆ. ಮೊದಲನೆಯದು ವರ್ಷ ವರ್ಷ ಏರಬೇಕು, ಎರಡನೆಯದು ಇಳಿಯಬೇಕು. ಎರಡೂ ಇದ್ದಲ್ಲೇ ಇದ್ದರೆ ಅದು ಕಲಿಯುವ ಕೂಸಲ್ಲ. ಆ ವಿಚಾರಣೆಗೆ ಗೋಡಂಬಿ ಕೊಳ್ಳುವ ಸಿಹಿ ಅಂಗಡಿಯವರನ್ನೂ ಐಸ್‌ಕ್ರೀಂ ಮಾಡುವವರನ್ನೂ ಕರೆಯಿರಿ. ಇಲ್ಲಿಯವರೆಗೆ ಬಿಲ್ ಕಟ್ಟಿದವರು ಅವರು, ಅವರನ್ನು ಯಾರೂ ಕೇಳಿಲ್ಲ.

ಕಚ್ಚಾ ಬೀಜದ ಮೇಲೆ ಉಳಿದಿರುವ ಸುಂಕ ತೆಗೆದುಬಿಡಿ, ಅದು ನಮ್ಮ ಕೆಲಸದ ಮೇಲೆ ನಾವೇ ಹಾಕಿಕೊಂಡ ದಂಡ. ತಿರುಳಿನ ಸುಂಕದಿಂದ ಬರುವ ಹಣದಲ್ಲಿ ಒಂದು ಪಾಲನ್ನು ಕಲಿಸುವುದಕ್ಕೆ ಕೊಡಿ. ಯಂತ್ರ ನಡೆಸಲು ಒಬ್ಬರಿಗೆ ತರಬೇತಿ ಕೊಟ್ಟರೆ ಇಷ್ಟು ಎಂದು, ಕಲಿಸಿದ ಕಾರ್ಖಾನೆಗೆ ನೇರವಾಗಿ ಕೊಡಿ. ಕಲಿತವಳು ಮಾರನೇ ವರ್ಷ ಪಕ್ಕದ ಕಾರ್ಖಾನೆಗೆ ಹೋದರೂ ನನಗೆ ಬೇಜಾರಿರುವುದಿಲ್ಲ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದ ಕಸಿ ಗಿಡಗಳು ನಮ್ಮ ಗುಡ್ಡಗಳಿಗೆ ಇನ್ನೂ ಜಾಸ್ತಿ ಬರಲಿ. ಒಂದೇ ಅಳತೆಯ ಬೀಜ ಸಿಕ್ಕರೆ ಯಂತ್ರದ ಅರ್ಧ ಜಗಳ ಮುಗಿಯುತ್ತದೆ.

ಪಶು ಆಹಾರ, ಹುರಿದ ಗೇರು ಎಂದೆಲ್ಲ ಹೆಸರು ಬದಲಿಸಿ ತಿರುಳು ಒಳಗೆ ಬರುತ್ತದೆ ಎಂಬ ದೂರನ್ನೂ ತಾವು ಕೇಳಿರುತ್ತೀರಿ. ಒಳಗಿನ ಬೆಲೆಗೂ ಹೊರಗಿನ ಬೆಲೆಗೂ ಅಂತರ ಇಷ್ಟು ದೊಡ್ಡದಿದ್ದರೆ ಕಳ್ಳದಾರಿ ಹುಟ್ಟದೆ ಇರುವುದಿಲ್ಲ. ಅಂತರ ಇಳಿಸಿದರೆ ಆ ದಾರಿಯೂ ಸಣ್ಣದಾಗುತ್ತದೆ.

ಯಂತ್ರ ತಂದ ದಿನದಿಂದ ಇವತ್ತಿನವರೆಗಿನ ನನ್ನ ಕಾರ್ಖಾನೆಯ ಲೆಕ್ಕದ ಪುಸ್ತಕ, ಇಡಿ ತಿರುಳು ಮತ್ತು ತುಂಡಿನ ದಿನಚರಿ ಸಮೇತ, ತಮ್ಮ ಅಧಿಕಾರಿಗಳು ಯಾವಾಗ ಕೇಳಿದರೂ ತೋರಿಸಲು ತಯಾರಿದ್ದೇನೆ. ಮನವಿಗೆ ಸಹಿ ಹಾಕಿದವರ ಹತ್ತಿರವೂ ಅದನ್ನೇ ಕೇಳಿ, ಸುಂಕದ ವಿಷಯ ಆಮೇಲೆ ತೀರ್ಮಾನ ಮಾಡಿ.

ಇಂತಿ ತಮ್ಮ ವಿಶ್ವಾಸಿ,
ಕುಮಟಾದ ಒಬ್ಬ ಗೇರು ಕಾರ್ಖಾನೆಯವ